ಡ್ರೈವರ್ ಕೈಗೆ ಕೊಡುವ ಚೀಟಿ

ಬಾಡಿಗೆ ಗಾಡಿ ಹೇಳಿದ್ದರೆ ನಾನು ಹಿಂದಿನ ರಾತ್ರಿಯೇ ಡ್ರೈವರ್‌ಗೆ ಒಂದು ಚೀಟಿ ಬರೆದಿಡುತ್ತೇನೆ. ಬಾಯಲ್ಲಿ ಹೇಳಲು ಹೋದರೆ ಹಿಂದಿನ ಸೀಟಿನಿಂದ ನಾಲ್ಕು ಜನ ನಾಲ್ಕು ದಾರಿ ಹೇಳುತ್ತಾರೆ. ಆ ಹುಡುಗ ಯಾರ ಮಾತು ಕೇಳಬೇಕು?

ಬೆಂಗಳೂರಿನಿಂದ ಬಂದ ನೆಂಟರಿಗೆ ಕಲಬುರಗಿಯಿಂದ ದತ್ತಾತ್ರೇಯನ ಕ್ಷೇತ್ರ ಗಾಣಗಾಪುರ ತೋರಿಸಿ, ಸಂಜೆ ರೈಲು ಹತ್ತಿಸಬೇಕು ಅಂತ ಇಟ್ಟುಕೊಳ್ಳಿ. ಚೀಟಿ ಬರೆಯುವ ಮೊದಲು ಯಾವ ಹೊತ್ತು ನಮ್ಮ ಕೈಯಲ್ಲಿಲ್ಲ ಅಂತ ನೋಡಬೇಕು. ಇಲ್ಲಿ ಅಂಥವು ಎರಡೇ. ಒಂದು, ಗಾಣಗಾಪುರದ ಮಧುಕರಿ, ಅಂದರೆ ಭಕ್ತರು ಭಿಕ್ಷೆ ಬೇಡುವ ಪದ್ಧತಿ. ದತ್ತ ಮಹಾರಾಜರು ಭಿಕ್ಷೆಗೆ ಬರುತ್ತಾರೆ ಅನ್ನುವ ನಂಬಿಕೆಯಿಂದ ಅದು ನಡುಮಧ್ಯಾಹ್ನಕ್ಕೇ ನಡೆಯುವುದು. ಇನ್ನೊಂದು, ರೈಲು. ಅದು ಸಂಜೆ 7.15ಕ್ಕೆ ಅಂದರೆ ಲೆಕ್ಕವನ್ನು ಅಲ್ಲಿಂದ ಹಿಂದಕ್ಕೆ ಹಾಕಬೇಕು. ಸ್ಟೇಷನ್‌ಗೆ 6.30. ವಾಪಸ್ ಬಂದು ಕಲಬುರಗಿಯಲ್ಲಿ ನೋಡುವ ಶರಣಬಸವೇಶ್ವರ ಗುಡಿಯಿಂದ 6ಕ್ಕೆ ಏಳಬೇಕು. ಸೇಡಂ ರಸ್ತೆಯ ಬುದ್ಧ ವಿಹಾರದಿಂದ 4.45ಕ್ಕೆ. ಹಾಗಾದರೆ ಗಾಣಗಾಪುರವನ್ನು 1.30ಕ್ಕೆ ಬಿಡಲೇಬೇಕು.

ನಾನು ಮುಟ್ಟುವ ಹೊತ್ತಿಗಿಂತ ಬಿಡುವ ಹೊತ್ತನ್ನೇ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ. ಯಾಕಂದರೆ ಡ್ರೈವರ್ ಗಾಡಿಯನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತಾನೆ, ತಡವಾಗುವುದು ನಮ್ಮಿಂದ. ಒಬ್ಬರು ತೆಂಗಿನಕಾಯಿ ಅಂಗಡಿ ಮುಂದೆ, ಇನ್ನೊಬ್ಬರು ಚಹಾ ಅಂಗಡಿ ಮುಂದೆ. "1.30ಕ್ಕೆ ಗಾಡಿ ಬಿಡುವುದು, ನೀನೇ ಹಾರ್ನ್ ಹೊಡಿ ತಮ್ಮಾ" ಅಂತ ಬರೆದುಕೊಟ್ಟರೆ ಅವನಿಗೂ ಧೈರ್ಯ ಬರುತ್ತದೆ.

ಊರಿನ ಹೆಸರಲ್ಲಿ ಒಂದು ಎಡವಟ್ಟು ಇದೆ. ಚೀಟಿಯಲ್ಲಿ ಸುಮ್ನೆ "ಗಾಣಗಾಪುರ" ಅಂತ ಬರೆಯಬೇಡಿ. ಸೊಲ್ಲಾಪುರದ ರೈಲು ದಾರಿಯಲ್ಲಿ ಗಾಣಗಾಪುರ ರೋಡ್ ಅಂತ ಒಂದು ಸ್ಟೇಷನ್ ಇದೆ. ಅಲ್ಲಿಂದ ದತ್ತನ ಕ್ಷೇತ್ರ ಸುಮಾರು 20 ಕಿ.ಮೀ. ದೂರ. ಹೊರಗಿನ ಡ್ರೈವರ್ ಫೋನಿನ ಮ್ಯಾಪ್ ಹಚ್ಚಿಕೊಂಡು ಆ ಸ್ಟೇಷನ್ ಕಡೆ ತಿರುಗಿದರೆ ಬೆಳಗಿನ ಹೊತ್ತೆಲ್ಲ ಹೋಯಿತು. "ದೇವಲ ಗಾಣಗಾಪುರ, ದತ್ತಾತ್ರೇಯ ಗುಡಿ, ಅಫಜಲಪುರ ರಸ್ತೆಯಲ್ಲಿ ಚೌಡಾಪುರದ ಹತ್ತಿರ ತಿರುಗುವುದು" ಅಂತ ಪೂರ್ತಿ ಬರೆಯಿರಿ. ಚೌಡಾಪುರ ಬಂತು ಅಂದರೆ ದಾರಿ ಸರಿ ಇದೆ ಅಂತ ಅವನಿಗೂ ಗೊತ್ತಾಗುತ್ತದೆ. ಗುರುತು ಅಂದರೆ ಹಾಗೆ, ತಿರುಗುವ ಮುಂಚೆ ಕಣ್ಣಿಗೆ ಬೀಳಬೇಕು. "ಗುಡಿ ಪಕ್ಕದ ಹೂವಿನ ಅಂಗಡಿ" ಅಂತ ಬರೆದರೆ ಏನೂ ಪ್ರಯೋಜನವಿಲ್ಲ, ಗುಡಿ ಮುಂದೆ ಇರುವುದೆಲ್ಲ ಹೂವಿನ ಅಂಗಡಿಯೇ ಅಲ್ವಾ?

ನನ್ನ ಚೀಟಿ ಹೀಗಿರುತ್ತದೆ. ಬೆಳಿಗ್ಗೆ 6.30ಕ್ಕೆ ಮನೆ ಬಿಡುವುದು. ಮೊದಲು ಸಂಗಮ, ಭೀಮಾ ಮತ್ತು ಅಮರ್ಜಾ ಕೂಡುವಲ್ಲಿ, ಗಾಣಗಾಪುರ ಊರಿನಿಂದ ಸುಮಾರು 3 ಕಿ.ಮೀ. ಆಚೆ. ಅಲ್ಲಿ ಸ್ನಾನ, ಅತ್ತಿಮರದ ದರ್ಶನ. 9.45ಕ್ಕೆ ಬಿಡುವುದು. ಆಮೇಲೆ ಊರೊಳಗಿನ ಮಠ, ಅಂದರೆ ದತ್ತಾತ್ರೇಯ ಗುಡಿ. ಸಂಗಮ ಮೊದಲು ಯಾಕಂದರೆ ಸ್ನಾನ ಮುಗಿಸಿಯೇ ಪಾದುಕೆ ನೋಡಬೇಕು ಅನ್ನುತ್ತಾರೆ ಹಿರಿಯರು. ಮಠದಲ್ಲಿ ನಿರ್ಗುಣ ಪಾದುಕೆಯನ್ನು ಚಿಕ್ಕ ಕಿಂಡಿಯಲ್ಲಿ ಬಗ್ಗಿ ನೋಡಬೇಕು. ಒಬ್ಬೊಬ್ಬರೇ ನೋಡುವುದರಿಂದ ಸಾಲು ನಿಧಾನ. ಅದಕ್ಕೇ ಮಧುಕರಿಗೆ ಮೊದಲು ಎರಡು ತಾಸು ಬಿಟ್ಟಿರುತ್ತೇನೆ. ಗುರುವಾರ, ಹುಣ್ಣಿಮೆ ಬಂದರೆ ಇನ್ನೂ ಒಂದು ತಾಸು ಮುಂಚೆ ಮನೆ ಬಿಡಿ. ಆ ದಿನ ಗಾಡಿ ಊರ ಹೊರಗೇ ನಿಲ್ಲಿಸಬೇಕಾಗಬಹುದು. ಹಾಗಾಗಿ ಇಳಿಯುವ ಜಾಗ ಒಂದು, ವಾಪಸ್ ಸೇರುವ ಜಾಗ ಇನ್ನೊಂದು ಅಂತ ಬೇರೆ ಬೇರೆ ಬರೆಯಬೇಕು. ಗದ್ದಲದಲ್ಲಿ ಫೋನ್ ಹತ್ತದಿದ್ದರೂ ಎಲ್ಲರೂ ಅಲ್ಲಿಗೇ ಬಂದು ನಿಲ್ಲುತ್ತಾರೆ.

ಹೊತ್ತು ಮೀರಿದರೆ ಏನು ಬಿಡಬೇಕು ಅನ್ನುವುದೂ ಚೀಟಿಯಲ್ಲಿರಲಿ. ನಾನು ಬುದ್ಧ ವಿಹಾರದ ಮುಂದೆ "2.15 ದಾಟಿ ಗಾಣಗಾಪುರ ಬಿಟ್ಟರೆ ಇದು ಬೇಡ" ಅಂತ ಬರೆಯುತ್ತೇನೆ. ಶರಣಬಸವೇಶ್ವರ ಗುಡಿ ಬಿಡಲು ಮನೆಯ ಹಿರಿಯರು ಒಪ್ಪುವುದಿಲ್ಲ. ದಾರಿಯಲ್ಲಿ ಗಾಡಿಯೊಳಗೆ ಈ ಚರ್ಚೆ ಶುರುವಾದರೆ ಅದಕ್ಕೇ ಅರ್ಧ ತಾಸು ಬೇಕು.

ಡ್ರೈವರ್ ಊಟ ಎಲ್ಲಿ, ಎಷ್ಟಕ್ಕೆ ಅಂತ ಮರೆಯದೆ ಬರೆಯಿರಿ. ನಾವು ಮಠದೊಳಗೆ ಇರುವಾಗ ಅವನು ಉಂಡುಬಿಟ್ಟರೆ 1.30ಕ್ಕೆ ಎಲ್ಲರೂ ಒಟ್ಟಿಗೆ ಹೊರಡಬಹುದು. ಹೈದರಾಬಾದ್ ಕಡೆಯ ಹುಡುಗನಿಗೆ ಕನ್ನಡ ಓದಲು ಬರದಿದ್ದರೆ ಅದನ್ನೇ ಹಿಂದಿಯಲ್ಲಿ ಹೇಳಿ ವಾಟ್ಸಾಪ್ ವಾಯ್ಸ್ ಕಳಿಸಿಬಿಡಿ. ಕಾಗದ ಮಾತ್ರ ಮುಂದಿನ ಸೀಟಿನಲ್ಲಿ ಕೂತವರ ಕೈಯಲ್ಲಿರಲಿ. ಬೆಳಿಗ್ಗೆ ಮೀಟರಿನಲ್ಲಿ ತೋರಿಸುವ ಕಿಲೋಮೀಟರನ್ನು ಅದೇ ಕಾಗದದ ಕೆಳಗೆ ಅವನ ಎದುರೇ ಬರೆದುಕೊಳ್ಳಿ, ಸಂಜೆ ಸ್ಟೇಷನ್ನಿನಲ್ಲಿ ಗಡಿಬಿಡಿಯ ಹೊತ್ತಿಗೆ ಬಾಡಿಗೆ ಲೆಕ್ಕ ಬೇಗ ಮುಗಿಯುತ್ತದೆ.