ಷೇರು ಮಾರಿದ ದುಡ್ಡು ಎಲ್ಲಿದೆ? ಲೆಜರ್‌ನಿಂದ ಪಾಸ್‌ಬುಕ್‌ವರೆಗೆ ಹುಡುಕುವುದು ಹೀಗೆ

2025ರ ಫೆಬ್ರವರಿ 18, ಮಂಗಳವಾರ. ಉಡುಪಿಯ ಕಲ್ಸಂಕದಲ್ಲಿರುವ ನಮ್ಮ ಚಿಕ್ಕಮ್ಮ ಒಂದು ಕಂಪನಿಯ 100 ಷೇರನ್ನು 412 ರೂಪಾಯಿಯಂತೆ ಮಾರಿದರು. ಬುಧವಾರ ಸಂಜೆಯೇ ಫೋನು. "ಮಾರಾಯ, ಬ್ರೋಕರ್ ಲೆಕ್ಕದ ಲೆಜರ್‌ನಲ್ಲಿ ದುಡ್ಡು ಜಮಾ ಅಂತ ತೋರಿಸ್ತದೆ, ಬ್ಯಾಂಕಿಗೆ ಬರ್ಲೇ ಇಲ್ಲ. ಒಂದು ದಿನ ಅಂತ ಹೇಳಿದ್ದಿಯಲ್ಲ ನೀನು?"

ಹೇಳಿದ್ದು ಹೌದು. ಆದರೆ ಆ ಒಂದು ದಿನ ಯಾರ ಕ್ಯಾಲೆಂಡರಿನದ್ದು ಅಂತ ಹೇಳಲು ಮರೆತಿದ್ದೆ.

ಮೊದಲು ಕಾಂಟ್ರಾಕ್ಟ್ ನೋಟ್, ಅಂದರೆ ಬ್ರೋಕರ್ ಕಳಿಸುವ ಮಾರಾಟದ ಬಿಲ್ಲು, ತೆಗೆಯಿರಿ. ಮಾರಿದ ದಿನ ರಾತ್ರಿ ಅಥವಾ ಮರುದಿನದೊಳಗೆ ಅದು ಇಮೇಲಿಗೆ ಬಂದಿರುತ್ತದೆ. ಚಿಕ್ಕಮ್ಮನ ಮಾರಾಟ 41,200 ರೂಪಾಯಿ. ಅದರಲ್ಲಿ ಶೇಕಡಾ 0.1ರಂತೆ ಷೇರು ವ್ಯವಹಾರದ ತೆರಿಗೆ ಎಸ್‌ಟಿಟಿ 41 ರೂಪಾಯಿ, ಬ್ರೋಕರೇಜ್ 20, ಮತ್ತೆ ಎಕ್ಸ್‌ಚೇಂಜ್ ಶುಲ್ಕ, ಜಿಎಸ್‌ಟಿ ಅಂತ ಚಿಲ್ಲರೆ ಸೇರಿ ಒಟ್ಟು 66.09 ಹೋಯಿತು. ಉಳಿದದ್ದು 41,133.91. ಈ ಮೊತ್ತವನ್ನೂ ಅದೇ ನೋಟಿನಲ್ಲಿರುವ ಸೆಟಲ್‌ಮೆಂಟ್, ಅಂದರೆ ದುಡ್ಡು ಷೇರು ಕೈಬದಲಾಗುವ ಲೆಕ್ಕದ, ನಂಬರನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದಿನ ಹುಡುಕಾಟ ಎಲ್ಲ ಅದರ ಮೇಲೆಯೇ.

ಈಗ ಲೆಜರ್ ತೆರೆದು ಅದೇ ನಂಬರಿನ ಸಾಲು ಹುಡುಕಿ. ಮೊತ್ತ ಪೈಸೆ ಸಮೇತ ಹೊಂದಬೇಕು. ಹತ್ತಿರದಲ್ಲೇ ಇನ್ನೊಂದು ಸಣ್ಣ ಖರ್ಚು ಕಾಣಿಸಬಹುದು, ಅದು ಡಿಪಿ ಶುಲ್ಕ. ಡಿಮ್ಯಾಟ್‌ನಿಂದ ಷೇರು ಹೊರಗೆ ಹೋದದ್ದಕ್ಕೆ ಹಾಕುವಂಥದ್ದು, ಕಾಂಟ್ರಾಕ್ಟ್ ನೋಟಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಚಿಕ್ಕಮ್ಮನಿಗೆ 15.34 ಬಿದ್ದಿತ್ತು. ಹಾಗಾಗಿ ಕೈಗೆ ಬರಬೇಕಾದದ್ದು 41,118.57.

ಲೆಜರ್‌ನಲ್ಲಿ ಜಮಾ ಆದ ಕೂಡಲೇ ದುಡ್ಡು ಬಂತು ಅಂತ ಅಲ್ಲ. ಕೆಲವು ಬ್ರೋಕರ್‌ಗಳು ಮಾರಿದ ದಿನವೇ ಲೆಕ್ಕ ಬರೆದುಬಿಡುತ್ತಾರೆ, ಅದು ನಿಮಗೆ ಬರಬೇಕಾದ ಬಾಕಿ ಅಷ್ಟೇ. ಅದೇ ದಿನ ಬೇರೆ ಷೇರು ಕೊಳ್ಳಲು ಆ ಮೊತ್ತವನ್ನು ಬಳಸಲು ಬಿಡುವುದೂ ಉಂಟು, ಅದಕ್ಕೇ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು. ನೋಡಬೇಕಾದದ್ದು ‘ವಿತ್‌ಡ್ರಾ ಮಾಡಬಹುದಾದ ಮೊತ್ತ’ ಅಂತ ಬೇರೆಯೇ ತೋರಿಸುವ ಅಂಕಿಯನ್ನು.

ಒಂದು ದಿನ ಯಾಕೆ ಬೇಕು? ನಿಮ್ಮ ಷೇರು ಕೊಂಡವರು ಯಾರೆಂದು ನಿಮಗೆ ಗೊತ್ತಿಲ್ಲ, ಅವರಿಗೂ ನೀವು ಗೊತ್ತಿಲ್ಲ. ನಡುವೆ ಕ್ಲಿಯರಿಂಗ್ ಕಾರ್ಪೊರೇಷನ್ ಕೂತು ಇಬ್ಬರಿಗೂ ತಾನೇ ಎದುರು ಪಾರ್ಟಿ ಆಗುತ್ತದೆ. ಮಾರುಕಟ್ಟೆ ಮುಚ್ಚಿದ ಮೇಲೆ ದಿನದ ವ್ಯವಹಾರ ಎಲ್ಲ ಕೂಡಿ ಕಳೆದು, ಯಾವ ಬ್ರೋಕರ್ ಎಷ್ಟು ದುಡ್ಡು ಕಟ್ಟಬೇಕು, ಎಷ್ಟು ಷೇರು ಕೊಡಬೇಕು ಅಂತ ನಿವ್ವಳ ಲೆಕ್ಕ ತೆಗೆಯುತ್ತಾರೆ. ಮರುದಿನ ಮೊದಲು ದುಡ್ಡು, ಷೇರು ಎರಡೂ ಒಳಗೆ ಬರಬೇಕು. ಅವು ಸೇರಿದ ಮೇಲೆಯೇ ಹೊರಗೆ ಹಂಚುವುದು. 2003ರಿಂದ ಇದಕ್ಕೆ ಎರಡು ದಿನ ಹಿಡಿಯುತ್ತಿತ್ತು, 2023ರ ಜನವರಿ 27ರಿಂದ ಎಲ್ಲ ಷೇರುಗಳಿಗೂ ಒಂದೇ ದಿನ.

ಆ ದಿನ ಕೆಲಸದ ದಿನವಾಗಿರಬೇಕು, ಅದೂ ಮುಂಬೈ ಲೆಕ್ಕದಲ್ಲಿ. ಫೆಬ್ರವರಿ 19 ಶಿವಾಜಿ ಜಯಂತಿ. ಮಹಾರಾಷ್ಟ್ರದಲ್ಲಿ ಬ್ಯಾಂಕ್ ರಜೆ, ಆದರೆ ಷೇರು ಮಾರುಕಟ್ಟೆ ತೆರೆದಿತ್ತು. ಇದನ್ನು ಸೆಟಲ್‌ಮೆಂಟ್ ರಜೆ ಅನ್ನುತ್ತಾರೆ. ಉಡುಪಿಯಲ್ಲಿ ಬ್ಯಾಂಕ್ ತೆರೆದಿದ್ದರೂ ಪ್ರಯೋಜನ ಇಲ್ಲ, ಮಂಗಳವಾರದ್ದು, ಬುಧವಾರದ್ದು ಎರಡೂ ಗುರುವಾರಕ್ಕೆ ಹೋಯಿತು. ಇದರ ತದ್ವಿರುದ್ಧವೂ ಆಗುತ್ತದೆ. ಉಡುಪಿಯ ಕೃಷ್ಣಾಷ್ಟಮಿ ಉತ್ಸವ ವಿಟ್ಲಪಿಂಡಿಗೆ ರಥಬೀದಿಯಲ್ಲಿ ಕಾಲಿಡಲು ಜಾಗ ಇಲ್ಲದಿದ್ದರೂ ಮುಂಬೈಯಲ್ಲಿ ಕೆಲಸದ ದಿನವಾದರೆ ಸೆಟಲ್‌ಮೆಂಟ್ ಅದರ ಪಾಡಿಗೆ ನಡೆಯುತ್ತದೆ. ಎಕ್ಸ್‌ಚೇಂಜ್‌ಗಳು ಸೆಟಲ್‌ಮೆಂಟ್ ರಜೆಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಹಾಕುತ್ತವೆ, ಟ್ರೇಡಿಂಗ್ ರಜೆಯ ಪಟ್ಟಿ ಮಾತ್ರ ನೋಡಿದರೆ ಸಾಲದು.

ಇನ್ನು ಕೊನೆಯ ಹಾದಿ. ಸೆಟಲ್ ಆದ ದುಡ್ಡು ತಾನಾಗಿ ಬ್ಯಾಂಕಿಗೆ ಓಡಿ ಬರುತ್ತದೆ ಅಂದುಕೊಳ್ಳಬೇಡಿ, ನೀವು ವಿತ್‌ಡ್ರಾ ಕೋರಿಕೆ ಹಾಕಬೇಕು. ಬ್ರೋಕರ್ ಕಳಿಸಿದಾಗ ಲೆಜರ್‌ನಲ್ಲಿ ಖರ್ಚಿನ ಸಾಲು ಬರುತ್ತದೆ. ಆ ಪಾವತಿಯನ್ನು ಗುರುತಿಸುವ ಯುಟಿಆರ್ ನಂಬರ್ ಅಲ್ಲಿ ಕಾಣದಿದ್ದರೆ ಬ್ರೋಕರ್ ಹತ್ತಿರ ಕೇಳಿ ಪಡೆಯಿರಿ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅದನ್ನೇ ಹುಡುಕಿ. ಮೊತ್ತ ನೋಡಿ ಹುಡುಕಿದರೆ ಎರಡು ಮಾರಾಟದ ದುಡ್ಡು ಒಟ್ಟಿಗೆ ಬಂದಾಗ ಸಿಗುವುದಿಲ್ಲ.

ಯುಟಿಆರ್ ಇದೆ, ಆದರೆ ದುಡ್ಡಿಲ್ಲ ಅಂತಾದರೆ ಎರಡು ಮೂರು ದಿನ ಬಿಟ್ಟು ಲೆಜರನ್ನು ಮತ್ತೊಮ್ಮೆ ನೋಡಿ. ಅದೇ ಮೊತ್ತ ವಾಪಸ್ ಜಮಾ ಆಗಿದ್ದರೆ ಬ್ಯಾಂಕ್ ಖಾತೆಯ ವಿವರದಲ್ಲೇ ತೊಂದರೆ. ನಮ್ಮ ಕರಾವಳಿಯಲ್ಲಿ ಇದಕ್ಕೆ ಒಂದು ವಿಶೇಷ ಕಾರಣ ಉಂಟು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕ್ ಜೊತೆ ಸೇರಿತು, `SYNB`ಯಿಂದ ಶುರುವಾಗುವ ಹಳೆಯ ಐಎಫ್‌ಎಸ್‌ಸಿ 2021ರ ಜುಲೈ 1ರಿಂದ ನಡೆಯುವುದಿಲ್ಲ. ಹಳೆಯ ಡಿಮ್ಯಾಟ್ ಖಾತೆಗಳಲ್ಲಿ ಅದೇ ಕೋಡ್ ಇನ್ನೂ ಕೂತಿದ್ದರೆ ದುಡ್ಡು ಸೇರುವುದಿಲ್ಲ. ಪ್ರೊಫೈಲ್‌ನಲ್ಲಿ ಅದು `CNRB`ಯಿಂದ ಶುರುವಾಗುತ್ತದಾ ಅಂತ ನೋಡಿ, ಇಲ್ಲದಿದ್ದರೆ ಕ್ಯಾನ್ಸಲ್ ಮಾಡಿದ ಚೆಕ್ ಕೊಟ್ಟು ಬದಲಿಸಿ.

ಚಿಕ್ಕಮ್ಮ ಗುರುವಾರ ರಾತ್ರಿ ಕೋರಿಕೆ ಹಾಕಿದರು. ಶುಕ್ರವಾರ 41,118.57 ಬಂತು. "ಆ 57 ಪೈಸೆಯೂ ಸರಿ ಉಂಟು" ಅಂತ ಮೆಸೇಜ್ ಮಾಡಿದ್ದರು.