ಐವತ್ತು ರೂಪಾಯಿಯಿಂದ ಶುರು: ಮೆಥ್ ಬಿಡಿಸಲು ನಾವು ಹಾಕಿದ ಕೂಪನ್ ಲೆಕ್ಕ

ಮೆಥ್, ಅಂದರೆ ಮೆಥಾಂಫೆಟಮೈನ್ ಎಂಬ ಮಾದಕದ ಚಟಕ್ಕೆಂದೇ ಅನುಮೋದನೆ ಪಡೆದ ಔಷಧಿ ಇಲ್ಲ ಎಂಬುದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಆದರೂ ಮೂತ್ರ ಪರೀಕ್ಷೆ ಶುದ್ಧ ಬಂದಾಗಲೆಲ್ಲ ಬಹುಮಾನ ಕೊಡುವ ಕಂಟಿಂಜೆನ್ಸಿ ಮ್ಯಾನೇಜ್‌ಮೆಂಟ್ ಪದ್ಧತಿ ಮಾಡೋಣ ಎಂದು ನಾನು ಹೇಳಿದಾಗ ಕಲಬುರಗಿಯ ನಮ್ಮ ಕ್ಲಿನಿಕ್‌ನಲ್ಲಿ ಎಲ್ಲರೂ ನಕ್ಕರು. "ಮೂತ್ರ ಶುದ್ಧವಾಗಿದ್ದರೆ ಬಹುಮಾನವೇ? ಅದೇ ದುಡ್ಡಿನಲ್ಲಿ ಸಂಜೆ ಮತ್ತೆ ಸೇದುತ್ತಾರೆ, ನೋಡುತ್ತಿರಿ" ಎಂದರು ನಮ್ಮ ಹಿರಿಯ ವೈದ್ಯರು. ಈಗ ಅವರೇ ತಮ್ಮ ರೋಗಿಗಳನ್ನು ಚೀಟಿ ಬರೆದು ನನ್ನ ಬಳಿಗೆ ಕಳುಹಿಸುತ್ತಾರೆ. ಆ ಚೀಟಿಗಳನ್ನು ನಾನು ಎತ್ತಿಟ್ಟುಕೊಂಡಿದ್ದೇನೆ.

ನಗದು ಕೊಡುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆವು. ಎದುರಿನ ಕಿರಾಣಿ ಅಂಗಡಿಯವರೊಂದಿಗೆ ಮಾತಾಡಿ ಕೂಪನ್ ಮಾಡಿಸಿದೆವು. ಬೀಡಿ, ಗುಟ್ಕಾ ಕೊಡುವಂತಿಲ್ಲ, ಚಿಲ್ಲರೆ ವಾಪಸು ಕೊಡುವಂತಿಲ್ಲ. ಬೇಳೆ, ಎಣ್ಣೆ, ಸೋಪು, ಮೊಬೈಲ್ ರೀಚಾರ್ಜ್ ಇಷ್ಟೇ. ಕೂಪನ್ ನಕಲಾಗದಂತೆ ಒಂದು ಗುರುತು ಹಾಕುತ್ತೇವೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಮೊದಲ ತಂಡ ಸಂಪೂರ್ಣ ಕೈಕೊಟ್ಟಿತು. ಸಹಿ, ರಸೀದಿಗಳ ತೊಂದರೆ ಬೇಡವೆಂದು ಆಡಳಿತದವರು ವಾರಕ್ಕೊಂದು ಪರೀಕ್ಷೆ ಮಾಡಿ, ತಿಂಗಳ ಕೊನೆಯಲ್ಲಿ ಒಟ್ಟಿಗೆ ಕೊಡಿ ಎಂದಿದ್ದರು. ಹದಿನೈದು ದಿನಗಳಲ್ಲಿ ಹೆಚ್ಚಿನವರು ಬರುವುದನ್ನೇ ನಿಲ್ಲಿಸಿದರು. ಉಳಿದವರ ಫಲಿತಾಂಶ ಪುಸ್ತಕದಲ್ಲಿ ಮಾತ್ರ ಚೆನ್ನಾಗಿತ್ತು. ಮೆಥ್ ಮೂತ್ರದಲ್ಲಿ ಸಿಗುವುದು ಸುಮಾರು ಎರಡರಿಂದ ನಾಲ್ಕು ದಿನ. ಸೋಮವಾರ ಮಾತ್ರ ಪರೀಕ್ಷೆ ಎಂದರೆ ಮಂಗಳವಾರ, ಬುಧವಾರ ಸೇದಲು ನಾವೇ ರಜೆ ಕೊಟ್ಟಂತೆ. ಹಾಗೆಂದು ದಿನವೂ ಪರೀಕ್ಷಿಸಿದರೆ ಒಂದೇ ಸಲ ಸೇದಿದ್ದಕ್ಕೆ ಎರಡು ಮೂರು ಸಲ ಶಿಕ್ಷೆಯಾಗುತ್ತದೆ. ಸಂಶೋಧಕ ಸ್ಟೀಫನ್ ಹಿಗ್ಗಿನ್ಸ್ ಅಮೆರಿಕದ ವರ್ಮಾಂಟ್‌ನಲ್ಲಿ 1990ರ ದಶಕದ ಆರಂಭದಲ್ಲಿ ಕೊಕೇನ್ ರೋಗಿಗಳಿಗೆ ಇದನ್ನು ಮಾಡಿದಾಗ ವಾರಕ್ಕೆ ಮೂರು ಪರೀಕ್ಷೆ ಇಟ್ಟಿದ್ದರು. ನಮ್ಮ ರೋಗಿಗಳು ಬಸ್ ಹಿಡಿದು ಬರುವವರು, ಮೂರು ಸಾಧ್ಯವಿಲ್ಲ. ಸೋಮವಾರ ಮತ್ತು ಗುರುವಾರ ಎಂದು ನಿಗದಿ ಮಾಡಿದೆವು. ಗುರುವಾರ ಸಂಜೆ ಸೇದಿದರೆ ಸೋಮವಾರದ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳಬಹುದು. ಅದನ್ನು ತಿಳಿದೇ ಒಪ್ಪಿಕೊಂಡಿದ್ದೇವೆ.

ಮೊತ್ತಕ್ಕಿಂತ ಏರಿಕೆಯೇ ಮುಖ್ಯ ಎಂಬುದು ನನ್ನ ಅಭಿಪ್ರಾಯ. ನಮ್ಮ ಲೆಕ್ಕದಲ್ಲಿ ಮೊದಲ ಶುದ್ಧ ಮಾದರಿಗೆ 50 ರೂಪಾಯಿ, ಮುಂದೆ ಸತತವಾಗಿ ಬರುವ ಪ್ರತಿ ಶುದ್ಧ ಮಾದರಿಗೆ 10 ರೂಪಾಯಿ ಹೆಚ್ಚು, 200 ಮುಟ್ಟಿದ ಮೇಲೆ ಅಲ್ಲೇ ನಿಲ್ಲುತ್ತದೆ. ಹನ್ನೆರಡು ವಾರಗಳಲ್ಲಿ ಇಪ್ಪತ್ತನಾಲ್ಕು ಮಾದರಿಗಳೂ ಶುದ್ಧವಾದರೆ 3,600 ರೂಪಾಯಿ. ಇದಕ್ಕೂ ಮುಂಚಿನ ಒಂದು ವಾರ ಬಂದದ್ದಕ್ಕಷ್ಟೇ ಕೂಪನ್ ಕೊಡುತ್ತೇವೆ. ವಿಪರೀತ ಸೇದಿದವನು ಬಿಟ್ಟ ಮೇಲೂ ಕೆಲವು ದಿನ ಪಾಸಿಟಿವ್ ಬರುತ್ತಾನೆ, ಮೊದಲ ದಿನವೇ ಸೊನ್ನೆ ಕೈಗಿಟ್ಟರೆ ಮತ್ತೆ ಮುಖ ತೋರಿಸುವುದಿಲ್ಲ.

ಪಾಸಿಟಿವ್ ಬಂದರೆ ಅಥವಾ ಹೇಳದೆ ತಪ್ಪಿಸಿದರೆ ಆ ದಿನ ಏನೂ ಇಲ್ಲ, ಮುಂದಿನದು ಮತ್ತೆ 50ರಿಂದ. ಹಳೆಯ ಮೆಟ್ಟಿಲಿಗೆ ಮರಳಲು ಹಿಗ್ಗಿನ್ಸ್ ಪದ್ಧತಿಯಲ್ಲಿ ಸತತ ಐದು ಶುದ್ಧ ಮಾದರಿ ಬೇಕಿತ್ತು. ಇಲ್ಲಿ ಐದು ಎಂದರೆ ಎರಡೂವರೆ ವಾರ. ಅಷ್ಟರಲ್ಲಿ "ಹೋದದ್ದು ಹೋಯಿತು ಬಿಡಿ" ಎಂದು ಹುಡುಗರು ಕೈಚೆಲ್ಲುತ್ತಿದ್ದರು. ಎರಡಕ್ಕೆ ಇಳಿಸಿದ ಮೇಲೆ ಲೆಕ್ಕ ಕೈಗೆ ಬಂತು.

ಒಬ್ಬನ ಪುಸ್ತಕವನ್ನೇ ಬಿಡಿಸಿ ಹೇಳುತ್ತೇನೆ. ರಾತ್ರಿ ಹೈದರಾಬಾದಿಗೆ ಸರಕು ಗಾಡಿ ಓಡಿಸುವ ಹುಡುಗ. ನಿದ್ದೆ ತಡೆಯಲೆಂದು ಶುರುವಾದದ್ದು. ಮೊದಲ ಏಳು ಮಾದರಿಗಳು ಶುದ್ಧ: 50ರಿಂದ 110ರವರೆಗೆ ಏರಿ ಒಟ್ಟು 560. ಎಂಟನೆಯದು ಪಾಸಿಟಿವ್. ಸಿಸ್ಟರ್ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. "ಇವತ್ತು ಸೊನ್ನೆ. ಸೋಮವಾರ, ಗುರುವಾರ ಎರಡೂ ಶುದ್ಧವಾದರೆ ಅದರ ಮುಂದಿನ ಸೋಮವಾರ ನಿನ್ನ ನೂರಾ ಹತ್ತು ವಾಪಸು" ಎಂದು ಪಟ್ಟಿಯಲ್ಲಿ ಬೆರಳಿಟ್ಟು ತೋರಿಸಿದರು. ಒಂಬತ್ತನೆಯದಕ್ಕೆ 50, ಹತ್ತನೆಯದಕ್ಕೆ 60, ಹನ್ನೊಂದನೆಯದಕ್ಕೆ ಮತ್ತೆ 110. ಇಪ್ಪತ್ತನೆಯದರಲ್ಲಿ 200 ಮುಟ್ಟಿ ಕೊನೆಯವರೆಗೂ ಅಲ್ಲೇ ಉಳಿದ. ಒಟ್ಟು 3,020. ಒಂದು ಸಲ ಜಾರಿದ್ದಕ್ಕೆ 580 ರೂಪಾಯಿ ಕಳೆದುಕೊಂಡ ಎಂಬುದನ್ನು ನಾನು ಹೇಳುವ ಮೊದಲೇ ಅವನು ಲೆಕ್ಕ ಹಾಕಿಟ್ಟಿದ್ದ. ಇದೇ ಹುಡುಗ ಒಮ್ಮೆ ಹೆಂಡದ ವಾಸನೆಯೊಂದಿಗೆ ಬಂದಿದ್ದ. ಮೂತ್ರ ಪರೀಕ್ಷೆಯ ಪಟ್ಟಿ ಮೆಥ್‌ಗೆ ಶುದ್ಧವಿತ್ತು, ಕೂಪನ್ ಕೊಟ್ಟೆವು. ಇದಕ್ಕೆ ಕ್ಲಿನಿಕ್‌ನಲ್ಲಿ ದೊಡ್ಡ ಜಗಳವೇ ಆಯಿತು. ಆದರೆ ಕುಡಿತ, ಗಾಂಜಾ ಎಲ್ಲವನ್ನೂ ಒಂದೇ ಕೂಪನ್ನಿಗೆ ಕಟ್ಟಿದರೆ ಯಾರೂ ಮೊದಲ ಮೆಟ್ಟಿಲನ್ನೂ ಹತ್ತುವುದಿಲ್ಲ.

ಪಟ್ಟಿ ಓದುವುದರಲ್ಲಿ ಎಚ್ಚರವಿರಲಿ. ಗರ್ಭ ಪರೀಕ್ಷೆಯ ಪಟ್ಟಿ ನೋಡಿ ಅಭ್ಯಾಸವಾದವರಿಗೆ ಎರಡು ಗೆರೆ ಎಂದರೆ ಪಾಸಿಟಿವ್. ಇಲ್ಲಿ ತಿರುವುಮುರುವು. ಪರೀಕ್ಷೆಯ ಜಾಗದಲ್ಲಿ ಗೆರೆ ಮೂಡಿದರೆ, ಅದೆಷ್ಟೇ ಮಸುಕಾಗಿದ್ದರೂ, ನೆಗೆಟಿವ್. ಮಸುಕು ಗೆರೆಯನ್ನು ನೋಡಿ "ಸ್ವಲ್ಪ ಸೇದಿದ್ದಾನೆ" ಎಂದು ತೀರ್ಪು ಕೊಟ್ಟರೆ ಶುದ್ಧವಾಗಿದ್ದ ಹುಡುಗನನ್ನು ಕಳೆದುಕೊಳ್ಳುತ್ತೀರಿ. ಶೀತದ ಕೆಲವು ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್‌ನಿಂದ ಸುಳ್ಳು ಪಾಸಿಟಿವ್ ಬರಬಹುದು. ಆದ್ದರಿಂದ ನೆಗಡಿಯಾದರೆ ನಮ್ಮನ್ನು ಕೇಳದೆ ಮಾತ್ರೆ ನುಂಗಬೇಡಿ ಎಂದು ಮೊದಲ ದಿನವೇ ಬರೆಸಿ ಸಹಿ ಹಾಕಿಸುತ್ತೇವೆ.

ನಮ್ಮ ಬಿಸಿಲಿನದು ಬೇರೆಯೇ ಕಥೆ. ಆಗ ತಾನೇ ಹೊಯ್ದ ಮೂತ್ರ 32ರಿಂದ 38 ಡಿಗ್ರಿ ತೋರಿಸಬೇಕು, ತಣ್ಣಗಿದ್ದರೆ ತಂದು ಸುರಿದದ್ದು ಎಂದು ಕಪ್ಪಿನ ಮೇಲಿನ ತಾಪದ ಪಟ್ಟಿ ಹೇಳುತ್ತದೆ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ ಜೇಬಿನಲ್ಲಿ ತಂದ ಬಾಟಲಿ ಬೇಡವೆಂದರೂ ಬೆಚ್ಚಗಿರುತ್ತದೆ. ಬೇಸಿಗೆಯ ಆ ದಿನಗಳಲ್ಲಿ ತಾಪದ ಪಟ್ಟಿಯನ್ನು ನಂಬದೆ, ಗಂಡಸರಿಗೆ ಗಂಡಸು ಸಿಬ್ಬಂದಿ, ಹೆಂಗಸರಿಗೆ ಹೆಂಗಸು ಬಾಗಿಲಲ್ಲಿ ನಿಲ್ಲುವಂತೆ ಮಾಡಿದೆವು. ಕಿಟ್‌ಗಳ ಡಬ್ಬಿಯ ಮೇಲೂ 2ರಿಂದ 30 ಡಿಗ್ರಿಯಲ್ಲಿ ಇಡಿ ಎಂದು ಅಚ್ಚಾಗಿರುತ್ತದೆ. ತಗಡಿನ ಮಾಡಿನ ಕೆಳಗಿನ ಬೀರುವಿನಲ್ಲಿದ್ದ ಒಂದು ಡಬ್ಬಿಯ ಪಟ್ಟಿಗಳಲ್ಲಿ, ಪಟ್ಟಿ ಸರಿಯಿದೆ ಎಂದು ತೋರಿಸುವ ಕಂಟ್ರೋಲ್ ಗೆರೆಯೇ ಮೂಡಲಿಲ್ಲ. ಸಾವಿರಾರು ರೂಪಾಯಿ ನೀರಿಗೆ ಹಾಕಿದಂತಾಯಿತು. ಈಗ ಲಸಿಕೆಯ ಫ್ರಿಜ್ಜಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಫ್ರಿಜ್ ಇದೆ.

ನಡುವೆ ಚೀಟಿ ಎತ್ತುವ ಪದ್ಧತಿಯನ್ನೂ ನೋಡಿದೆ. ಇದನ್ನು ರೂಪಿಸಿದ ಅಮೆರಿಕದ ಸಂಶೋಧಕಿ ನ್ಯಾನ್ಸಿ ಪೆಟ್ರಿ ಅವರ ಬುಟ್ಟಿಯಲ್ಲಿ ಐನೂರು ಚೀಟಿ, ಅರ್ಧದಲ್ಲಿ ಶಭಾಷ್ ಎಂಬ ಮಾತು ಮಾತ್ರ, ಉಳಿದವುಗಳಲ್ಲಿ ಹೆಚ್ಚಿನವು ಸಣ್ಣ ಬಹುಮಾನ, ಒಂದೇ ಒಂದು ಭಾರಿ ಬಹುಮಾನ. ಸತತ ಶುದ್ಧವಾದಷ್ಟೂ ಎತ್ತುವ ಚೀಟಿ ಹೆಚ್ಚು. ಖರ್ಚು ಹಿಡಿತದಲ್ಲಿರುತ್ತದೆ ಎಂಬ ಆಸೆಗೆ ಸ್ಟೀಲ್ ಡಬ್ಬಿ ತಂದೆವು. ಮೂರನೆಯ ದಿನವೇ ಒಬ್ಬ ತಾಯಿ ಕೇಳಿದರು: "ಸರ್, ಅವರಪ್ಪ ಮಟಕಾದಲ್ಲಿ ಮನೆ ಕಳೆದ. ನೀವು ಮಗನಿಗೆ ಆಸ್ಪತ್ರೆಯಲ್ಲೇ ಕಲಿಸುತ್ತೀರಾ?" ಡಬ್ಬಿ ಈಗ ಸಿಬ್ಬಂದಿಯ ಚಹಾ ಸಕ್ಕರೆಗೆ ಬಳಕೆಯಲ್ಲಿದೆ.

ಖರ್ಚಿನ ಮಾತು. ಪೂರ್ತಿ ಮುಗಿಸಿದವರೂ ನಡುವೆ ಬಿಟ್ಟವರೂ ಸೇರಿ ಸರಾಸರಿ ಕೂಪನ್ ತಲೆಗೆ ಎರಡು ಸಾವಿರದ ಆಸುಪಾಸು ಬೀಳುತ್ತದೆ, ಪರೀಕ್ಷೆಗೆ ಹೆಚ್ಚುಕಡಿಮೆ ಅಷ್ಟೇ. ಅರ್ಧಕ್ಕಿಂತ ತುಸು ಹೆಚ್ಚು ಜನ ಹನ್ನೆರಡು ವಾರ ಮುಗಿಸಿದ್ದಾರೆ, ಮೊದಲಿನ ಬರೀ ಸಮಾಲೋಚನೆಯಲ್ಲಿ ಕಾಲು ಭಾಗವೂ ಉಳಿಯುತ್ತಿರಲಿಲ್ಲ. ಕೂಪನ್ ನಿಂತ ಮೇಲೆ ಕೆಲವರು ಮರಳಿ ಸೇದಿದ್ದಾರೆ, ಅದು ಈ ಪದ್ಧತಿಯ ಹಳೆಯ ದೌರ್ಬಲ್ಯ. ಹಾಗಾಗಿ ಕೊನೆಯ ತಿಂಗಳಲ್ಲೇ ಗುಂಪಿನ ಸಮಾಲೋಚನೆ ಮತ್ತು ಹಗಲು ಪಾಳಿಯ ಕೆಲಸದ ವಿಚಾರ ಎತ್ತಿಕೊಳ್ಳುತ್ತೇವೆ. ಗಾಡಿ ಹುಡುಗ ಈಗ ಹಗಲಿನಲ್ಲಿ ತೊಗರಿ ಮಿಲ್ಲಿಗೆ ಸರಕು ಸಾಗಿಸುತ್ತಾನೆ. ಸಂಬಳ ಕಡಿಮೆ ಎಂದು ಗೊಣಗುತ್ತಾನೆ, ತಿಂಗಳಿಗೊಮ್ಮೆ ಬಂದು ಕೂಪನ್ ಇಲ್ಲದೆಯೇ ಮಾದರಿ ಕೊಟ್ಟು ಹೋಗುತ್ತಾನೆ.