ನಾಲ್ಕು ಹೆಜ್ಜೆಗೆ ಅರ್ಧ ಸುತ್ತು: ಬ್ಲೋವರ್ ಸ್ಟ್ಯಾಂಡಿನ ಮೇಲೆ ಒಂದು 2×2 ಮ್ಯಾಟ್ರಿಕ್ಸ್

ಗಂಗಾವತಿ ಕಡೆಯ ಒಂದು ರೈಸ್ ಮಿಲ್ಲಿನಲ್ಲಿ ತೌಡು ಎಳೆಯುವ ಬ್ಲೋವರ್ ಅಲುಗಾಡುತ್ತಿತ್ತು. ಅಲುಗಾಡುವುದು ಅಂದರೆ ಸ್ಟ್ಯಾಂಡಿನ ಮೇಲೆ ಟೀ ಲೋಟ ಇಟ್ಟರೆ ಅದು ತಾನಾಗಿಯೇ ನಡೆದು ಅಂಚಿಗೆ ಬರುವಷ್ಟು. ನನ್ನನ್ನು ಕರೆಯುವ ಮೊದಲು ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದ್ದರು, ಸಲಕ್ಕೆ 4,000ದ ಹಾಗೆ. ಬೇರಿಂಗ್ ಕೂಡ ಬದಲಾಗಿತ್ತು. ಎರಡು ವಾರ ಸುಮ್ಮನಿದ್ದು ಮತ್ತೆ ಅದೇ ಕಥೆ. ನಾನು ಸ್ಟ್ಯಾಂಡಿಗೆ ರಬ್ಬರ್ ಸುತ್ತಿಗೆಯಿಂದ ಒಂದು ಏಟು ಕೊಟ್ಟು, ಅದು ಹೇಗೆ ಮಿಡಿಯುತ್ತದೆ ಅಂತ ಬರೆದುಕೊಂಡು, ಎರಡು ಸಂಖ್ಯೆಯಲ್ಲಿ ಕಾಯಿಲೆ ಹೇಳುತ್ತೇನೆ ಅಂದಾಗ ಮೇಸ್ತ್ರಿ ನಕ್ಕ. "ಫ್ಯಾನ್ ಬ್ಯಾಲೆನ್ಸ್ ಹೋಗೇತ್ರಿ ಸರ, ಸ್ಟ್ಯಾಂಡಿಗೆ ಹೊಡದ್ರ ಏನ್ ಗೊತ್ತಾಗ್ತದ?" ನನ್ನ ಜೊತೆ ಕೆಲಸ ಮಾಡುವ ಇಬ್ಬರು ಎಂಜಿನಿಯರುಗಳೂ ನಂಬಿರಲಿಲ್ಲ. ಲಕ್ಷಗಟ್ಟಲೆಯ ಅನಲೈಸರ್ ಇಲ್ಲದೆ ಇದು ಆಗದು ಅನ್ನುವುದು ಅವರ ಮಾತು. ನನ್ನ ಹತ್ತಿರ ಇದ್ದದ್ದು ಒಂದು ಎಡಿಎಕ್ಸ್‌ಎಲ್ 345 ಸೆನ್ಸಾರ್ ಬೋರ್ಡು, ಒಂದು ಸಣ್ಣ ಕಂಟ್ರೋಲರ್, ಹಳೇ ಲ್ಯಾಪ್‌ಟಾಪು, ಒಂದು ಅಯಸ್ಕಾಂತ. ಲ್ಯಾಪ್‌ಟಾಪ್ ಬಿಟ್ಟು ಎಲ್ಲ ಸೇರಿ 2,000 ದಾಟಿರಲಿಕ್ಕಿಲ್ಲ.

ಉಪಾಯ ಹೊಸದೇನಲ್ಲ. ಏಟು ಬಿದ್ದ ಮೇಲೆ ಸ್ಟ್ಯಾಂಡು ತನ್ನ ಪಾಡಿಗೆ ತಾನು ಮಿಡಿದು ಸುಮ್ಮನಾಗುತ್ತದೆ. ಒಂದೇ ರೀತಿಯ ಮಿಡಿತ ಆಗಿದ್ದರೆ, ಸೆನ್ಸಾರಿನ ಈಗಿನ ಓದು ಮತ್ತು ಅದರ ಹಿಂದಿನ ಓದು, ಇವೆರಡರಿಂದ ಮುಂದಿನ ಓದು ಸಿಗುತ್ತದೆ. ಆ ಜೋಡಿಯನ್ನು ಒಂದು ಹೆಜ್ಜೆ ಮುಂದಕ್ಕೆ ತಳ್ಳುವುದು ಒಂದು 2×2 ನೈಜ ಮ್ಯಾಟ್ರಿಕ್ಸ್. ಅದರ ಐಗನ್ ವ್ಯಾಲ್ಯೂ ಕಾಂಪ್ಲೆಕ್ಸ್ ಜೋಡಿಯಾಗಿ ಬಂದರೆ, ಅದರ ಕೋನ ಹೆಜ್ಜೆಗೆ ಎಷ್ಟು ತಿರುಗುತ್ತದೆ ಅಂತ ಹೇಳುತ್ತದೆ, ಅದರ ಉದ್ದ ಹೆಜ್ಜೆಗೆ ಎಷ್ಟು ಕುಗ್ಗುತ್ತದೆ ಅಂತ. ಕೋನದಿಂದ ಫ್ರೀಕ್ವೆನ್ಸಿ, ಉದ್ದದಿಂದ ಡ್ಯಾಂಪಿಂಗ್. ಓದುಗರಿಗೆ ಇದೆಲ್ಲ ಗೊತ್ತಿರುವುದೇ.

```python
Y = np.column_stack([y[1:-1], y[:-2]])
p, m = np.linalg.lstsq(Y, y[2:], rcond=None)[0]
lam = np.linalg.eigvals([[0, 1], [m, p]])
```

ಮೊದಲ ದಿನ ಮಾನ ಹೋಯಿತು. ಮಿಲ್ ನಿಲ್ಲಿಸಲು ಸಾಹುಕಾರರು ಒಪ್ಪಲಿಲ್ಲ, ಸೀಸನ್ನು. ಹಾಗಾಗಿ ಮೋಟರ್ ಓಡುತ್ತಿದ್ದಾಗಲೇ ಡೇಟಾ ತೆಗೆದೆ. ಐಗನ್ ವ್ಯಾಲ್ಯೂವಿನ ಉದ್ದ 0.999, ಕೋನದಿಂದ ಬಂದ ಫ್ರೀಕ್ವೆನ್ಸಿ 24 ಹರ್ಟ್ಜ್. "ಸ್ಟ್ಯಾಂಡಿನಲ್ಲಿ ಡ್ಯಾಂಪಿಂಗೇ ಇಲ್ಲ" ಅಂತ ಅಲ್ಲೇ ಘೋಷಿಸಿಬಿಟ್ಟೆ. ಊಟಕ್ಕೆ ಕೂತಾಗ ಹೊಳೆಯಿತು: ಮೋಟರ್ 1440 ಆರ್‌ಪಿಎಂ, ಅಂದರೆ ಸೆಕೆಂಡಿಗೆ ಸರಿಯಾಗಿ 24 ಸುತ್ತು. ನಾನು ಅಳೆದದ್ದು ಸ್ಟ್ಯಾಂಡನ್ನಲ್ಲ, ಮೋಟರನ್ನು. ಹೊರಗಿನಿಂದ ಯಾರೋ ತೂಗುತ್ತಲೇ ಇದ್ದರೆ ಉಯ್ಯಾಲೆ ಕುಗ್ಗುವುದಾದರೂ ಹೇಗೆ? ಉದ್ದ 1ಕ್ಕೆ ಅಂಟಿಕೊಂಡು ಕೂತಿದ್ದರೆ, ಕೋನ ಯಂತ್ರದ ವೇಗಕ್ಕೆ ಕರಾರುವಾಕ್ಕಾಗಿ ಹೊಂದಿದ್ದರೆ, ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ. ಕೊನೆಗೆ ಕರೆಂಟ್ ಹೋಗುವ ಹೊತ್ತನ್ನು ಕೇಳಿಕೊಂಡು ಬಂದು ಆಗ ಹೊಡೆದೆ.

ಎರಡನೇ ದಿನ ಇನ್ನೂ ವಿಚಿತ್ರ. ಸೆನ್ಸಾರನ್ನು ಸೆಕೆಂಡಿಗೆ 800 ಓದಿಗೆ ಇಟ್ಟಿದ್ದೆ, ಹೆಚ್ಚಿದ್ದಷ್ಟೂ ಒಳ್ಳೆಯದು ಅನ್ನುವ ಆಸೆಯಿಂದ. ಬಂದ ಐಗನ್ ವ್ಯಾಲ್ಯೂಗಳು 0.93 ಮತ್ತು 0.27ರ ಆಸುಪಾಸು. ಎರಡೂ ನೈಜ! ಅಂದರೆ ತಿರುಗುವಿಕೆಯೇ ಇಲ್ಲ, ಸುಮ್ಮನೆ ಕುಸಿತ. ಕಣ್ಣೆದುರಿಗೆ ಸ್ಟ್ಯಾಂಡು ಗಂಟೆಯ ಹಾಗೆ ಮಿಡಿಯುತ್ತಿದೆ, ಲೆಕ್ಕ ಮಾತ್ರ ಅದು ಅಂಟಿನಲ್ಲಿ ಅದ್ದಿದ ಕಡ್ಡಿ ಅನ್ನುತ್ತಿದೆ. ಎರಡು ರಾತ್ರಿ ಕೋಡ್ ಹುಡುಕಿದೆ, ಕೋಡ್ ಸರಿಯಾಗಿಯೇ ಇತ್ತು. ತಪ್ಪು ಓದಿನ ವೇಗದಲ್ಲಿತ್ತು. 25 ಹರ್ಟ್ಜಿನ ಮಿಡಿತವನ್ನು 800 ಸಲ ನೋಡಿದರೆ ಹೆಜ್ಜೆಗೆ ತಿರುಗುವುದು ಬರೀ 11 ಡಿಗ್ರಿ ಚಿಲ್ಲರೆ. ಪಕ್ಕಪಕ್ಕದ ಮೂರು ಓದುಗಳು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರುತ್ತವೆ, ಅವುಗಳ ಸಣ್ಣ ಬಾಗುವಿಕೆಯಲ್ಲೇ ತಿರುಗುವಿಕೆಯ ಗುಟ್ಟೆಲ್ಲ ಅಡಗಿರುತ್ತದೆ. ಸೆನ್ಸಾರಿನ ಗದ್ದಲ ಆ ಬಾಗುವಿಕೆಯನ್ನು ನುಂಗಿಬಿಡುತ್ತದೆ. ಆಮೇಲೆ ಕೈಲೆಕ್ಕ ಹಾಕಿ ನೋಡಿದೆ: ಗದ್ದಲದ ಶಕ್ತಿ ಮಿಡಿತದ ಶಕ್ತಿಯ ನೂರಕ್ಕೆ 2ರಷ್ಟಿದ್ದರೂ ಸಾಕು, 800ರಲ್ಲಿ ಕಾಂಪ್ಲೆಕ್ಸ್ ಜೋಡಿ ಮುರಿದು ಎರಡು ನೈಜ ಸಂಖ್ಯೆಗಳಾಗುತ್ತದೆ.

200ಕ್ಕೆ ಇಳಿಸಿದೆ. 25 ಹರ್ಟ್ಜಿಗೆ ಆಗ ಹೆಜ್ಜೆ 45 ಡಿಗ್ರಿ, ಒಂದು ಸುತ್ತಿನಲ್ಲಿ ಎಂಟು ಓದು. ಕಾಂಪ್ಲೆಕ್ಸ್ ಜೋಡಿ ತಕ್ಷಣ ಬಂತು. ಆದರೆ ಡ್ಯಾಂಪಿಂಗ್ ನೂರಕ್ಕೆ 5ರ ಹತ್ತಿರ ತೋರಿಸಿತು, ಅದನ್ನು ನಾನು ನಂಬಲಿಲ್ಲ. ಬೆಸುಗೆ ಹಾಕಿದ ಕಬ್ಬಿಣದ ಸ್ಟ್ಯಾಂಡಿಗೆ ಅಷ್ಟು ಎಲ್ಲಿಂದ ಬರಬೇಕು? ಗ್ರಾಫ್ ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ಅಳೆದೆ. 5 ನಿಜವಾಗಿದ್ದರೆ ಪ್ರತಿ ತುದಿಯೂ ಹಿಂದಿನದಕ್ಕಿಂತ ಕಾಲು ಭಾಗ ಗಿಡ್ಡವಾಗಬೇಕಿತ್ತು. ಕಾಗದದ ಮೇಲೆ ನೂರಕ್ಕೆ 12ರಷ್ಟೇ ಗಿಡ್ಡವಾಗುತ್ತಿತ್ತು. ಅದೇ ಗದ್ದಲದ ಆಟ: ಮಾಮೂಲಿ ಲೀಸ್ಟ್ ಸ್ಕ್ವೇರ್ಸ್ ಐಗನ್ ವ್ಯಾಲ್ಯೂವನ್ನು ಒಳಕ್ಕೆ ಎಳೆಯುತ್ತದೆ. ಕೋನಕ್ಕೆ ಅಷ್ಟೇನೂ ಪೆಟ್ಟಾಗುವುದಿಲ್ಲ, ಬಲಿಯಾಗುವುದು ಉದ್ದ. ಫ್ರೀಕ್ವೆನ್ಸಿ ಸರಿ ಬಂತಲ್ಲ ಅಂತ ಡ್ಯಾಂಪಿಂಗನ್ನೂ ನಂಬಿದವರು ಎಷ್ಟು ಜನರೋ.

ಇದಕ್ಕೆ ಮದ್ದು ಇದೆ. ಸಮೀಕರಣವನ್ನು ಅದೇ ಓದುಗಳಿಂದ ಗುಣಿಸುವ ಬದಲು ಇನ್ನೂ ಹಿಂದಿನ ಓದುಗಳಿಂದ ಗುಣಿಸಿ ಕೂಡಿಸಬೇಕು. ಹಳೆಯ ಓದಿನ ಗದ್ದಲಕ್ಕೂ ಈಗಿನ ಓದಿನ ಗದ್ದಲಕ್ಕೂ ಸಂಬಂಧ ಇರದ ಕಾರಣ ಅದು ತಾನಾಗಿ ಹೊರಬೀಳುತ್ತದೆ. ಎಷ್ಟು ಹಿಂದಕ್ಕೆ ಹೋಗಬೇಕು, ಏಟು ಬಿದ್ದ ಮೇಲೆ ಎಷ್ಟು ಓದು ಬಿಟ್ಟು ಶುರು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಆ ಎರಡು ಅಂಕಿಯಿಂದಲೇ ನನ್ನ ಊಟ ನಡೆಯುತ್ತಿದೆ.

ಕೊನೆಗೆ ಬಂದದ್ದು ಇದು: ಮುಂದಿನ ಓದು = 1.39 × ಈಗಿನದು − 0.97 × ಹಿಂದಿನದು. ಐಗನ್ ವ್ಯಾಲ್ಯೂ 0.695 ± 0.698i. ಉದ್ದ 0.985, ಕೋನ 45 ಡಿಗ್ರಿ. ಸೆಕೆಂಡಿಗೆ 200 ಹೆಜ್ಜೆ, ಹಾಗಾಗಿ 25 ಹರ್ಟ್ಜ್. ಡ್ಯಾಂಪಿಂಗ್ ನೂರಕ್ಕೆ 2ಕ್ಕಿಂತ ಒಂದು ಕೂದಲು ಕಡಿಮೆ.

ಇಲ್ಲೊಂದು ಪಕ್ಕದ ದಾರಿ ಹಿಡಿದೆ, ಬೇಡವಾಗಿದ್ದರೂ. ಕೋನ 45 ಅಂದರೆ ನಿಜವಾಗಿಯೂ ಬಿಂದುಗಳು 45 ತಿರುಗುತ್ತವೆಯೇ ಅಂತ ಪ್ರೊಟ್ರಾಕ್ಟರ್ ಇಟ್ಟು ನೋಡುವ ಹುಚ್ಚು ಹತ್ತಿತು. ಅಡ್ಡಕ್ಕೆ ಈಗಿನ ಓದು, ಉದ್ದಕ್ಕೆ ಮುಂದಿನ ಓದು. (1, 0.7)ರಿಂದ ಶುರು ಮಾಡಿದರೆ ಮುಂದಿನವು (0.7, 0.003), (0.003, −0.675), (−0.675, −0.941), (−0.941, −0.653). ಅಳೆದರೆ ಮೊದಲ ಹೆಜ್ಜೆ 35 ಡಿಗ್ರಿ, ಎರಡನೆಯದು 90, ಮೂರನೆಯದು 36, ನಾಲ್ಕನೆಯದು 19ರ ಹತ್ತಿರ. ಒಂದೂ 45 ಇಲ್ಲ! ಎಲ್ಲ ತಲೆಕೆಳಗಾಯಿತು ಅಂದುಕೊಂಡೆ. ಕೂಡಿ ನೋಡಿದಾಗ 180. ನಾಲ್ಕು ಹೆಜ್ಜೆಗೆ ಸರಿಯಾಗಿ ಅರ್ಧ ಸುತ್ತು, ಸರಾಸರಿ 45. ಕೊನೆಯ ಬಿಂದು ಮೊದಲ ಬಿಂದುವಿನ ನೇರ ಎದುರಿಗೆ, 0.94ರಷ್ಟಕ್ಕೆ ಕುಗ್ಗಿ ಕೂತಿತ್ತು. 0.985ನ್ನು ನಾಲ್ಕು ಸಲ ಗುಣಿಸಿದರೂ ಅಷ್ಟೇ.

ಮ್ಯಾಟ್ರಿಕ್ಸು ಓರೆಯಾದ ದೀರ್ಘವೃತ್ತದ ಮೇಲೆ ತಿರುಗಿಸುತ್ತಿತ್ತು. ವೃತ್ತವಾಗಿ ನೋಡಬೇಕಾದರೆ ಅಕ್ಷ ಬದಲಿಸಬೇಕು, ಆ ಅಕ್ಷಗಳು ಐಗನ್ ವೆಕ್ಟರಿನಲ್ಲೇ ಇವೆ. ಇಲ್ಲಿ ವೆಕ್ಟರ್ (1, 0.695 + 0.698i). ಅದರ ನೈಜ ಭಾಗ ಒಂದು ಅಕ್ಷ, ಕಾಲ್ಪನಿಕ ಭಾಗ ಇನ್ನೊಂದು. ಕೈಯಲ್ಲಿ ಮಾಡುವುದಾದರೆ ಈಗಿನ ಓದನ್ನು ಹಾಗೇ ಇಟ್ಟುಕೊಳ್ಳಿ. ಮುಂದಿನ ಓದಿನಿಂದ ಈಗಿನದರ 0.695 ಪಾಲು ಕಳೆದು 0.698ರಿಂದ ಭಾಗಿಸಿ. ಅದೇ ಬಿಂದುಗಳು ಈಗ (1, 0.01), (0.7, −0.69), (0.003, −0.97) ಆದವು. ಕೇಂದ್ರದಿಂದ ದೂರ 1, 0.985, 0.97, ಪ್ರತಿ ಹೆಜ್ಜೆಗೂ 45 ಡಿಗ್ರಿ. ಇದನ್ನು ಪ್ರಿಂಟ್ ತೆಗೆದು ಮಿಲ್ಲಿನ ಗೋಡೆಗೆ ಅಂಟಿಸಿದೆ, ಸುರುಳಿ ಚೆನ್ನಾಗಿ ಕಾಣುತ್ತಿತ್ತು. "ರಂಗೋಲಿ ಹಾಕ್ಯಾರ" ಅಂದ ಮೇಸ್ತ್ರಿ.

ಮನೆಯ ಉಯ್ಯಾಲೆಯ ಮೇಲೂ ಇದನ್ನು ಪ್ರಯೋಗ ಮಾಡಿದೆ, ಫೋನಿನ ಸೆನ್ಸಾರ್ ಬಳಸಿ. ಕೋನ ಎಲ್ಲೆಡೆ ಒಂದೇ ಬಂತು. ಉದ್ದ ಮಾತ್ರ ದೊಡ್ಡ ತೂಗಿಗೆ ಒಂದು, ಸಣ್ಣ ತೂಗಿಗೆ ಇನ್ನೊಂದು, ಸಣ್ಣದಾದಷ್ಟೂ ಬೇಗ ಕುಗ್ಗುತ್ತಿತ್ತು. ಕೊಂಡಿಯ ಒಣ ತಿಕ್ಕಾಟ ಅದು. ತೂಗು ಎಷ್ಟೇ ಇರಲಿ, ಪ್ರತಿ ಸುತ್ತಿನಲ್ಲೂ ಒಂದೇ ಅಳತೆ ತಿನ್ನುತ್ತದೆ, ಪಾಲು ಲೆಕ್ಕದಲ್ಲಿ ತಿನ್ನುವುದಿಲ್ಲ. ಅಂಥ ಕಡೆ ಒಂದೇ ಐಗನ್ ವ್ಯಾಲ್ಯೂ ಇದೆ ಅನ್ನುವುದೇ ಸುಳ್ಳು. ಅದಾದ ಮೇಲೆ ಸ್ಟ್ಯಾಂಡಿನ ದಾಖಲೆಯನ್ನೂ ಮೊದಲ ಅರ್ಧ, ಕೊನೆಯ ಅರ್ಧ ಅಂತ ಬೇರೆ ಬೇರೆ ಹಾಕಿ ನೋಡುತ್ತೇನೆ. ಉದ್ದ ಬದಲಾದರೆ ಬೋಲ್ಟ್ ಸಡಿಲವಿದೆ ಅಂತ ಹೋಗಿ ಸ್ಪ್ಯಾನರ್ ಹಾಕುತ್ತೇನೆ. ಬಹಳ ಸಲ ಸಡಿಲವೇ ಇರುತ್ತದೆ.

ಮಿಲ್ಲಿಗೆ ಬರುತ್ತೇನೆ. ಸ್ಟ್ಯಾಂಡಿನ ಸ್ವಂತ ಮಿಡಿತ 25, ಮೋಟರಿನ ದೂಡು 24, ಡ್ಯಾಂಪಿಂಗ್ ನೂರಕ್ಕೆ 2. ಇಂಥ ನೆರೆಯಲ್ಲಿ ಸಣ್ಣ ಅಸಮತೋಲನವೂ ಹನ್ನೊಂದು ಪಟ್ಟು ದೊಡ್ಡದಾಗುತ್ತದೆ. ಬ್ಯಾಲೆನ್ಸಿಂಗ್ ಮಾಡಿಸಿದಾಗ ಎರಡು ವಾರ ಸುಮ್ಮನಿದ್ದು, ಬ್ಲೇಡಿಗೆ ತೌಡು ಅಂಟಿದೊಡನೆ ಮತ್ತೆ ಶುರುವಾಗುತ್ತಿದ್ದದ್ದು ಅದಕ್ಕೇ. ಫ್ಯಾನಿನ ತಪ್ಪಲ್ಲ, ಸ್ಟ್ಯಾಂಡಿನದು. ನಾಲ್ಕೂ ಕಾಲಿಗೆ ಅಡ್ಡ ಆ್ಯಂಗಲ್ ಹಾಕಿಸಲು ಹೇಳಿದೆ. ಸಾಹುಕಾರರು ಇನ್ನೊಂದು ಸಲ ಬ್ಯಾಲೆನ್ಸಿಂಗೇ ಆಗಲಿ ಅಂದರು, ಅದು ಅಗ್ಗ. ಆಗದಿದ್ದರೆ ನನ್ನ ದುಡ್ಡು ಕೊಡಬೇಡಿ ಅಂದೆ. ಆ್ಯಂಗಲ್, ಬೆಸುಗೆ, ಕೂಲಿ ಸೇರಿ 6,000 ಚಿಲ್ಲರೆ ಆಯಿತು.

ಬೆಸುಗೆ ಆರಿದ ಮೇಲೆ ಮತ್ತೆ ಹೊಡೆದೆ. ಕೋನ 66 ಡಿಗ್ರಿಗೆ ಏರಿತ್ತು, ಉದ್ದ 0.978. ಅಂದರೆ ಸ್ಟ್ಯಾಂಡು 37 ಹರ್ಟ್ಜಿನ ಹತ್ತಿರಕ್ಕೆ ಹೋಗಿದೆ, ಮೋಟರಿನಿಂದ ದೂರ. ಉದ್ದ ಕಡಿಮೆಯಾದದ್ದನ್ನು ನೋಡಿ ಡ್ಯಾಂಪಿಂಗ್ ಹೆಚ್ಚಿತು ಅಂತ ಹಿಗ್ಗಬಾರದು. ಈಗ ಹೆಜ್ಜೆಗೆ ತಿರುಗುವುದೇ ಹೆಚ್ಚು, ಹಾಗಾಗಿ ಕುಗ್ಗುವುದೂ ಹೆಚ್ಚು. ತಿರುಗಿದ ಕೋನಕ್ಕೆ ಹೋಲಿಸಿದರೆ ಮೊದಲಿನಷ್ಟೇ ಇದೆ. ಮೋಟರ್ ಹಾಕಿದಾಗ ಕಂಪನ ಸೆಕೆಂಡಿಗೆ 12 ಮಿಲಿಮೀಟರಿನ ಆಸುಪಾಸಿನಿಂದ ಒಂದೂವರೆಗೆ ಇಳಿಯಿತು. ಮೇಸ್ತ್ರಿ ಏನೂ ಮಾತಾಡದೆ ಟೀ ಲೋಟ ತಂದು ಸ್ಟ್ಯಾಂಡಿನ ಮೇಲಿಟ್ಟು, ಅದು ಅಲುಗದ್ದು ನೋಡಿ, ಪಕ್ಕದ ಎರಡನೇ ಬ್ಲೋವರಿಗೂ ಸುತ್ತಿಗೆ ತಗೊಂಡು ಬರ್ರಿ ಅಂದ. ನನ್ನ 8,000ದಲ್ಲಿ 3,000 ಇನ್ನೂ ಬರಬೇಕು.